ತುಂಬಿದ್ದು ಐವತ್ತು, ನಡೆಯುವುದು ಐವತ್ತೊಂದು

ಬೆಳಿಗ್ಗೆ ಕಚೇರಿಗೆ ಬಂದು, ಚೀಲವನ್ನು ಮೊಳೆಗೆ ತಗುಲಿಸಿ, ಅರೆಕ್ಷಣ ಕಣ್ಣು ಮುಚ್ಚಿ ಕೈಮುಗಿದ ಮೇಲೆ ಮರುಲೆಕ್ಕದಮ್ಮ ಮಾಡುವ ಮೊದಲ ಕೆಲಸ ಒಂದೇ. ಕ್ಯಾಲ್ಕುಲೇಟರನ್ನು ಹತ್ತಿರಕ್ಕೆಳೆದುಕೊಂಡು, ಒಂದನ್ನು ಒಂದು ಬಿಂದು ಸೊನ್ನೆ ಆರರಿಂದ ಹನ್ನೆರಡು ಸಲ ಗುಣಿಸುವುದು. ಪರದೆಯ ಮೇಲೆ ಎರಡು ಬಿಂದು ಸೊನ್ನೆ ಒಂದು ಎರಡು ಬಂದರೆ ತಲೆಯಾಡಿಸಿ ಮೊದಲ ಫೈಲಿಗೆ ಕೈಹಾಕುತ್ತಾರೆ. ನೂರಕ್ಕೆ ಆರರ ಬಡ್ಡಿಯಲ್ಲಿ ಹಣ ಹನ್ನೆರಡು ವರ್ಷಕ್ಕೆ ಎರಡರಷ್ಟಾಗುತ್ತದೆ, ಮೇಲೆ ಒಂದು ಚೂರು ಉಳಿಯುತ್ತದೆ. ಅದು ಅವರಿಗೆ ಗೊತ್ತು, ಯಂತ್ರಕ್ಕೂ ಗೊತ್ತಿದೆಯೋ ಇಲ್ಲವೋ ಎಂದು ದಿನವೂ ಕೇಳಬೇಕು. ಇಪ್ಪತ್ತೇಳು ವರ್ಷಗಳಲ್ಲಿ ಯಂತ್ರಗಳು ಐದು ಬದಲಾದವು, ಕೇಳುವ ಪ್ರಶ್ನೆ ಬದಲಾಗಲಿಲ್ಲ.

"ನಮ್ಮನೆಯವಳು ಆಫೀಸಿಗೆ ಹೋಗಿ ಮೊದಲು ಮಿಷನ್ನಿಗೆ ಜ್ವರ ಇದೆಯಾ ಅಂತ ನೋಡ್ತಾಳೆ" ಎಂದು ಅವರ ಯಜಮಾನರು ಎಲ್ಲರೆದುರು ಹೇಳುವುದುಂಟು. ಯಜಮಾನರದು ಗಡಿಯಾರ ರಿಪೇರಿಯ ಅಂಗಡಿ, ಅಗಲ ಎರಡು ಮಾರು. ಹಾಗಾಗಿ ಇಂಥ ವಿಚಾರದಲ್ಲಿ ನಗುವ ಹಕ್ಕು ಅವರಿಗೆ ಅಷ್ಟಾಗಿ ಇಲ್ಲ. ಬೆಳಿಗ್ಗೆ ಎದ್ದೊಡನೆ ಮನೆಯ ನಾಲ್ಕು ಗಡಿಯಾರಗಳ ಮುಖ ನೋಡಿಯೇ ಅವರು ಹಲ್ಲುಜ್ಜುವುದು.

ಮರುಲೆಕ್ಕದಮ್ಮ ಕೆಲಸಕ್ಕೆ ಸೇರಿದ್ದು ಟೈಪಿಸ್ಟ್ ಆಗಿ. ಬಟ್ಟೆ ಕಾರ್ಖಾನೆಗಳ ಕೆಲಸಗಾರರಿಗೆಂದು ಇರುವ ಪಿಂಚಣಿ ನಿಧಿಯ ಕಚೇರಿ ಅದು. ಮೇಲಿನ ಮಹಡಿಯಲ್ಲಿ ಎರಡು ಕೋಣೆ, ಒಂದು ಉದ್ದನೆಯ ಕಪಾಟು, ಜನ ಕಾಯಲು ಒಂದು ಬೆಂಚು. ಟೈಪು ಮಾಡುತ್ತ ಮಾಡುತ್ತ ಈ ಅಂಕಿಗಳು ಎಲ್ಲಿಂದ ಬರುತ್ತವೆ ಎಂಬ ಕುತೂಹಲ ಹುಟ್ಟಿತು. ಬಡ್ಡಿಯ ಕೋಷ್ಟಕಗಳ ಹಳೆಯ ಪುಸ್ತಕವನ್ನು ಮನೆಗೆ ಒಯ್ದು, ಅಡುಗೆಮನೆಯ ಕಟ್ಟೆಯ ಮೇಲೆ ಬಿಚ್ಚಿಟ್ಟುಕೊಂಡು, ಒಬ್ಬರೇ ಕಲಿತರು. ಯಾರೂ ಹೇಳಿಕೊಡಲಿಲ್ಲ. ಕೆಲವು ವರ್ಷಗಳಲ್ಲಿ ಕಚೇರಿಯಿಂದ ಹೊರಗೆ ಹೋಗುವ ಪ್ರತಿ ಲೆಕ್ಕವನ್ನೂ ಎರಡನೆಯ ಸಲ ಮಾಡಿ ನೋಡುವ ಕೆಲಸ ಅವರ ಪಾಲಿಗೆ ಬಂತು. ಅವರು "ಸರಿಯಿದೆ" ಎಂಬ ಮೊಹರು ಒತ್ತದೆ ಯಾವ ಹಣವೂ ಕದಲುವುದಿಲ್ಲ. ಮರುಲೆಕ್ಕದಮ್ಮ ಎಂಬ ಹೆಸರು ಬಂದದ್ದೂ ಹಾಗೆಯೇ. ಸ್ವಂತ ಹೆಸರನ್ನು ಸಂಬಳದ ಪಟ್ಟಿಯಲ್ಲಿ ಕಂಡಾಗ ಅವರಿಗೇ ಯಾರದೋ ಅನ್ನಿಸುತ್ತದಂತೆ.

ಆ ವಾರ ಅವರ ಮುಂದೆ ಬಂದು ಕೂತವರು ಕಾಲರಕ್ಕ. ಅಂಗಿ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಕಾಲರ್ ಮಾತ್ರ ಹೊಲಿದವರು. ತೋಳು ಹೊಲಿದಿಲ್ಲ, ಜೇಬು ಹೊಲಿದಿಲ್ಲ. "ಊರಿನ ಅರ್ಧ ಗಂಡಸರ ಕತ್ತು ಹಿಡಿದಿರೋದು ನಾನೇ" ಎನ್ನುತ್ತ ಕುರ್ಚಿ ಎಳೆದುಕೊಂಡರು. ಕೆಲಸ ಬಿಟ್ಟಿದ್ದರು. ಅವರ ಬೀದಿಯ ದರ್ಜಿಯೊಬ್ಬರು ಅಂಗಡಿಯನ್ನು ಮೂರು ಹೊಲಿಗೆ ಯಂತ್ರಗಳ ಸಮೇತ ಮಾರಿ ಮಗಳ ಮನೆಗೆ ಹೊರಟಿದ್ದರು. ಬೆಲೆ ಎಂಬತ್ತೈದು ಸಾವಿರ. ಶನಿವಾರದೊಳಗೆ ಕೊಡದಿದ್ದರೆ ಬೇರೆಯವರಿಗೆ. ಕಾಲರಕ್ಕ ಸಾಲ ಮಾಡುವವರಲ್ಲ. ಅವರಪ್ಪ ಸಾಲದವರ ದನಿ ಕೇಳಿದರೆ ಮಂಚದಡಿ ಸೇರುತ್ತಿದ್ದುದನ್ನು ನೋಡಿ ಬೆಳೆದವರು. ಕೈಯಲ್ಲಿ ಉಳಿತಾಯವೂ ಇರಲಿಲ್ಲ. ಇದ್ದದ್ದು ನಿಧಿಯಲ್ಲಿದ್ದ ಹಕ್ಕು ಒಂದೇ.

ಆ ಹಕ್ಕು ಹೀಗೆ. ನಡುವೆ ಕೆಲಸ ಬಿಟ್ಟವರಿಗೆ ನಿಧಿ ತಕ್ಷಣ ಏನೂ ಕೊಡುವುದಿಲ್ಲ. ಅರವತ್ತರ ಹೊತ್ತಿಗೆ ಶುರುಮಾಡಿ ವರ್ಷಕ್ಕೊಂದು ಕಂತಿನಂತೆ ಇಪ್ಪತ್ತು ವರ್ಷ ಕೊಡುತ್ತದೆ; ನಡುವೆ ಅವರು ತೀರಿಕೊಂಡರೆ ಉಳಿದ ಕಂತುಗಳು ಮನೆಯವರಿಗೆ. ಕಾಲರಕ್ಕನ ಕಂತು ವರ್ಷಕ್ಕೆ ಹನ್ನೆರಡು ಸಾವಿರ. ಕಾಯಲು ಮನಸ್ಸಿಲ್ಲದವರು ಆ ಇಪ್ಪತ್ತೂ ಕಂತುಗಳ ಇಂದಿನ ಬೆಲೆಯನ್ನು ಇಡಿಗಂಟಾಗಿ ಈಗಲೇ ಪಡೆದು ಕೈತೊಳೆದುಕೊಳ್ಳಬಹುದು. ಇಂದಿನ ಬೆಲೆ ಎಷ್ಟು ಎಂಬ ಕಾಗದ ಕಾಲರಕ್ಕನ ಮನೆಗೆ ಹೋಗಿತ್ತು. ಎಂಬತ್ತೊಂದು ಸಾವಿರದ ನಾನೂರ ಅರವತ್ತೆಂಟು. ಕೆಳಗೆ "ಸರಿಯಿದೆ" ಮೊಹರು.

"ಅಕ್ಕಾ, ನಾನು ಓದಿದ್ದು ಕಡಿಮೆ, ಕೂಡೋದು ಮಾತ್ರ ಬರುತ್ತೆ" ಎಂದರು ಕಾಲರಕ್ಕ. "ಹನ್ನೆರಡು ಸಾವಿರದ ಇಪ್ಪತ್ತು ಕಂತು ಅಂದ್ರೆ ಎರಡು ಲಕ್ಷ ನಲವತ್ತು ಸಾವಿರ. ನೀವು ಕೊಡೋದು ಎಂಬತ್ತೊಂದು. ಮಿಕ್ಕಿದ್ದನ್ನ ಇಲಿ ತಿಂತಾ?"

ಇದನ್ನು ಮೂಗು ಮುರಿಯದೆ ಕೇಳಿಸಿಕೊಳ್ಳುವವರು ಆ ಕಚೇರಿಯಲ್ಲಿ ಮರುಲೆಕ್ಕದಮ್ಮ ಒಬ್ಬರೇ. ಅವರು ಒಂದು ಬಿಳಿ ಹಾಳೆ ತೆಗೆದರು.

"ನೀವು ಕಾಲರ್ ಬೇರೆ ಹೊಲಿದು ಆಮೇಲೆ ಅಂಗಿಗೆ ಜೋಡಿಸ್ತೀರಿ ತಾನೆ?"

"ಮತ್ತೆ? ಕತ್ತಲ್ಲೇ ಇಟ್ಟು ಹೊಲಿಯೋಕಾಗುತ್ತಾ?"

"ಇದೂ ಹಾಗೇ, ಎರಡು ಹೊಲಿಗೆ. ಮೊದಲು ನಾನು ಮೊದಲ ಕಂತು ಬರೋ ದಿನಕ್ಕೆ ಹೋಗಿ ನಿಂತ್ಕೋತೀನಿ. ಆ ದಿನ ಹನ್ನೆರಡು ಸಾವಿರ ನಿಮ್ಮ ಕೈಗೆ. ಉಳಿದ ಹತ್ತೊಂಬತ್ತು ಕಂತು ಮುಂದಿನ ವರ್ಷಗಳಲ್ಲಿ ಬರೋದು, ಅಲ್ಲಿವರೆಗೂ ಹಣ ಬಡ್ಡಿ ದುಡೀತಾ ಇರುತ್ತೆ. ಹಾಗಾಗಿ ಆ ದಿನ ಎರಡು ಲಕ್ಷ ನಲವತ್ತು ಬೇಕಿಲ್ಲ. ಒಂದು ಲಕ್ಷ ನಲವತ್ತೈದು ಸಾವಿರದ ಎಂಟುನೂರ ತೊಂಬತ್ತೇಳು ಇದ್ರೆ ಇಪ್ಪತ್ತು ಕಂತೂ ಕೊಟ್ಟು ಡಬ್ಬಿ ಸರಿಯಾಗಿ ಖಾಲಿಯಾಗುತ್ತೆ. ಇದು ಕಾಲರ್."

"ಇನ್ನು ಅಂಗಿ?"

"ಆ ದಿನ ಇನ್ನೂ ದೂರ ಇದೆ. ಅಷ್ಟು ವರ್ಷ ಕಾದು ಆ ಮೊತ್ತ ಆಗಬೇಕಾದ್ರೆ ಇವತ್ತು ಎಷ್ಟು ಇಡಬೇಕು ಅಂತ ಹಿಂದಕ್ಕೆ ಬರಬೇಕು. ಒಂದೊಂದು ವರ್ಷ ಹಿಂದಕ್ಕೆ ಬಂದಾಗಲೂ ನೂರಾ ಆರು ಇದ್ದದ್ದು ನೂರಾಗುತ್ತೆ. ಹತ್ತು ವರ್ಷ ಹಿಂದಕ್ಕೆ ಬಂದ್ರೆ ಎಂಬತ್ತೊಂದು ಸಾವಿರದ ನಾನೂರ ಅರವತ್ತೆಂಟು. ಇಲಿ ತಿಂದಿಲ್ಲ, ಅದಿನ್ನೂ ಹುಟ್ಟೇ ಇಲ್ಲ."

ಕಾಲರಕ್ಕ ಹಾಳೆಯನ್ನು ಬಟ್ಟೆ ನೋಡುವಂತೆ ತಿರುಗಿಸಿ ನೋಡಿದರು. ನಂಬಿಕೆ ಬಂದಿತ್ತು, ಖುಷಿ ಬಂದಿರಲಿಲ್ಲ. "ಸರಿ ಬಿಡಿ. ಮೂರೂವರೆ ಸಾವಿರ ಕಡಿಮೆ ಬೀಳುತ್ತೆ. ಆ ದರ್ಜಿ ಒಂದು ಗುಂಡಿಯಷ್ಟೂ ಇಳಿಯೋನಲ್ಲ. ವಯಸ್ಸು ಐವತ್ತೊಂದು ನಡೀತಿದೆ, ಇನ್ನೊಂದು ಅಂಗಡಿ ಸಿಗೋವಷ್ಟರಲ್ಲಿ ನನಗೆ ದಾರ ಪೋಣಿಸೋಕೂ ಕಣ್ಣು ಕಾಣಲ್ಲ."

ಮರುಲೆಕ್ಕದಮ್ಮ ಫೈಲು ನೋಡಿದರು. "ಐವತ್ತೊಂದಾ? ಇಲ್ಲಿ ಐವತ್ತು ಅಂತಿದೆ. ಕೆಲಸ ಬಿಟ್ಟಿದ್ದು ಸೋಮವಾರ, ಹುಟ್ಟಿದ ದಿನವೂ ಅದೇ."

"ತುಂಬಿದ್ದು ಐವತ್ತು, ನಡೀತಿರೋದು ಐವತ್ತೊಂದು. ಸೋಮವಾರ ಐವತ್ತೊಂದನೇ ವರ್ಷದ ಮೊದಲ ದಿನ. ಇಷ್ಟು ಲೆಕ್ಕ ಮಾಡ್ತೀರಿ, ಇದು ಗೊತ್ತಿಲ್ವಾ ಅಕ್ಕಾ?" ಕಾಲರಕ್ಕ ನಕ್ಕರು.

ಮರುಲೆಕ್ಕದಮ್ಮ ನಗಲಿಲ್ಲ. ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಎದ್ದು ಕಪಾಟಿನಿಂದ ನಿಯಮಗಳ ಪುಸ್ತಕ ತೆಗೆದರು. ಹದಿನೇಳನೆಯ ನಿಯಮ ಅವರಿಗೆ ಬಾಯಿಪಾಠ, ಆದರೂ ಬೆರಳಿಟ್ಟು ಓದಿದರು. "ಸದಸ್ಯರ ಅರವತ್ತನೆಯ ವರ್ಷದ ಮೊದಲ ದಿನದಂದು ಮೊದಲ ಕಂತನ್ನು ಕೊಡತಕ್ಕದ್ದು."

ಇಷ್ಟು ವರ್ಷ ಅವರು ಅದನ್ನು ಅರವತ್ತು ತುಂಬುವ ದಿನ ಎಂದೇ ಓದಿದ್ದರು. ಐವತ್ತು ತುಂಬಿದ ದಿನ ಐವತ್ತೊಂದನೆಯ ವರ್ಷದ ಮೊದಲ ದಿನವಾದರೆ, ಅರವತ್ತನೆಯ ವರ್ಷದ ಮೊದಲ ದಿನ ಯಾವುದು? ಐವತ್ತೊಂಬತ್ತು ತುಂಬುವ ದಿನ. ಕಾಯಬೇಕಾದದ್ದು ಹತ್ತು ವರ್ಷವಲ್ಲ, ಒಂಬತ್ತು.

"ಏನಾಯ್ತಕ್ಕಾ? ಮುಖ ಯಾಕೆ ಹಾಗಾಯ್ತು?"

"ಏನಿಲ್ಲ. ನೀವು ನಾಳೆ ಬನ್ನಿ. ಇವತ್ತು ಆ ಕಾಗದಕ್ಕೆ ಸಹಿ ಹಾಕಬೇಡಿ. ಯಾರು ಹೇಳಿದ್ರೂ ಹಾಕಬೇಡಿ."

ಕಾಲರಕ್ಕ ಹೋದ ಮೇಲೆ ಅವರು ಪುಸ್ತಕದ ಕೊನೆಗೆ ತಿರುವಿದರು. ಅಲ್ಲಿ ನಿಯಮಗಳನ್ನು ಬಳಸುವ ರೀತಿಗೆ ಒಂದೊಂದು ಸಾಲಿನ ಉದಾಹರಣೆಗಳಿದ್ದವು. ಹದಿನೇಳರ ಎದುರು: "ನಲವತ್ತು ತುಂಬಿದ ದಿನ ಕೆಲಸ ಬಿಟ್ಟವರು ಕಾಯುವ ವರ್ಷಗಳು ೨೦." ಆ ಇಪ್ಪತ್ತು ಅಚ್ಚಾದದ್ದಲ್ಲ. ಪೆನ್ಸಿಲಿನಲ್ಲಿ ಬರೆದದ್ದು. ಅದರಡಿ, ಅಡ್ಡಗೆರೆ ಎಳೆದ ಅಚ್ಚಿನ ಅಂಕಿ ಹತ್ತೊಂಬತ್ತು. ಅಕ್ಷರ ಯಾರದೆಂದು ಹುಡುಕಬೇಕಿರಲಿಲ್ಲ. ಎರಡರ ಅಂಕಿಯನ್ನು ಬಾತುಕೋಳಿಯ ಹಾಗೆ ಕತ್ತು ಬಗ್ಗಿಸಿ ಬರೆಯುವವರು ಆ ಕಚೇರಿಯಲ್ಲಿ ಒಬ್ಬರೇ.

ಇಪ್ಪತ್ತೆರಡು ವರ್ಷದ ಹಿಂದೆ ಪುಸ್ತಕ ಅಚ್ಚಾಗಿ ಬಂದ ದಿನ ಅವರಿಗೆ ನೆನಪಿತ್ತು. ಆಗ ಅವರು ಮರುಲೆಕ್ಕಕ್ಕೆ ಹೊಸಬರು, ಎಲ್ಲಿ ತಪ್ಪು ಸಿಕ್ಕೀತೆಂದು ಹಸಿದು ಕೂತಿದ್ದರು. ಅರವತ್ತರಲ್ಲಿ ನಲವತ್ತು ಕಳೆದರೆ ಇಪ್ಪತ್ತು, ಅಚ್ಚಿನವರು ತಪ್ಪಿದ್ದಾರೆ ಎಂದು ಹೆಮ್ಮೆಯಿಂದ ತಿದ್ದಿದ್ದರು. ಉಳಿದ ಪ್ರತಿಗಳೆಲ್ಲ ಈ ತಿದ್ದಿದ ಪ್ರತಿಯ ಜೆರಾಕ್ಸ್‌ಗಳು. ಆಮೇಲೆ ಬಂದವರಿಗೆ ಇಪ್ಪತ್ತೇ ಸತ್ಯವಾಯಿತು. ಅವರೂ ಮರೆತರು. ಗುಣಾಕಾರವನ್ನು ಎಷ್ಟು ಸಲ ಮಾಡಿ ನೋಡಿದರೇನು, ಒಂದೇ ಪದವನ್ನು ಒಂದೇ ರೀತಿ ತಪ್ಪಾಗಿ ಓದುತ್ತಿದ್ದರೆ ಉತ್ತರ ಪ್ರತಿಸಲವೂ ಚೆನ್ನಾಗಿಯೇ ಹೊಂದುತ್ತದೆ.

ಆ ಸಂಜೆ ಗಂಡನ ಅಂಗಡಿಯಲ್ಲಿ ಕೂತು ಅವರು ಎಲ್ಲವನ್ನೂ ಹೇಳಿದರು. ಯಜಮಾನರು ಕಣ್ಣಿನ ಭೂತಗನ್ನಡಿ ತೆಗೆಯದೆ ಕೇಳಿದರು.

"ನಿಂತ ಗಡಿಯಾರನ ಎಲ್ಲರೂ ರಿಪೇರಿಗೆ ತರ್ತಾರೆ" ಎಂದರು. "ಒಂದು ಗಂಟೆ ಹಿಂದೆ ಇಟ್ಕೊಂಡು ನಿಯತ್ತಾಗಿ ಓಡೋದನ್ನ ಯಾರೂ ತರಲ್ಲ. ಟಿಕ್ ಟಿಕ್ ಅಂತಿರುತ್ತಲ್ಲ, ಅದಕ್ಕೆ."

"ನನ್ನನ್ನ ಬೈತಿದ್ದೀರಾ, ಸಮಾಧಾನ ಮಾಡ್ತಿದ್ದೀರಾ?"

"ಎರಡೂ. ಒಂದಕ್ಕೇ ಎರಡು ಕೆಲಸ ಆದ್ರೆ ಒಳ್ಳೇದಲ್ವಾ? ಹೋಗಲಿ, ನಾಳೆ ಏನು ಮಾಡ್ತೀಯ?"

"ಹೇಳ್ತೀನಿ. ಇನ್ನೇನು ಮಾಡೋದು."

"ಮುಂದಿನ ವರ್ಷ ನಿನಗೆ ಕೊಡಬೇಕು ಅಂತಿರೋ ಫಲಕ?"

ನಿವೃತ್ತಿಯಾಗುವವರಿಗೆ ನಿಧಿಯ ಮಂಡಳಿ ಒಂದು ಫಲಕ ಕೊಡುತ್ತಿತ್ತು. ಮರುಲೆಕ್ಕದಮ್ಮನ ಫಲಕಕ್ಕೆ "ಒಂದೂ ತಪ್ಪಿಲ್ಲದ ಇಪ್ಪತ್ತೆಂಟು ವರ್ಷ" ಎಂಬ ಒಕ್ಕಣೆ ಆಗಲೇ ಗೊತ್ತಾಗಿತ್ತು. ಜೊತೆಗೆ ಒಂದು ಗೋಡೆ ಗಡಿಯಾರ.

"ಹೋದ್ರೆ ಹೋಗಲಿ."

"ಒಳ್ಳೇದಾಯ್ತು" ಎಂದರು ಯಜಮಾನರು. "ಐದನೇ ಗಡಿಯಾರಕ್ಕೆ ಮನೇಲಿ ಗೋಡೆ ಇಲ್ಲ."

ಮರುದಿನ ಕಚೇರಿಯ ಮೇಲಧಿಕಾರಿ ಬಾಗಿಲು ತೆಗೆಯುವಷ್ಟರಲ್ಲಿ ಮರುಲೆಕ್ಕದಮ್ಮ ಪುಸ್ತಕ ಹಿಡಿದು ನಿಂತಿದ್ದರು. ಅಧಿಕಾರಿ ಮೃದು ಸ್ವಭಾವದವರು, ಬೆಳಗಿನ ಮೊದಲ ಕಾಫಿಗಿಂತ ಮುಂಚೆ ಯಾವ ಸುದ್ದಿಯನ್ನೂ ತಾಳುವವರಲ್ಲ. ಪೂರ್ತಿ ಕೇಳಿ ಹಣೆ ಒತ್ತಿಕೊಂಡರು.

"ಅಮ್ಮಾ, ಬರೆದವರ ಮನಸ್ಸಲ್ಲಿ ಅರವತ್ತು ತುಂಬೋದೇ ಇದ್ದಿರಬಹುದಲ್ವಾ? ಮಾತಲ್ಲಿ ಸಡಿಲ ಬಿಟ್ಟಿರಬಹುದು."

"ನಾನೂ ಹಾಗೇ ಅಂದ್ಕೊಂಡೆ ಸಾರ್. ಆದ್ರೆ ಹಾಗಿದ್ರೆ ಉದಾಹರಣೇಲಿ ಇಪ್ಪತ್ತು ಅಂತ ಅಚ್ಚಾಗಬೇಕಿತ್ತು. ಹತ್ತೊಂಬತ್ತು ಅಂತ ಆಗಿದೆ. ನಿಯಮ ಮತ್ತೆ ಉದಾಹರಣೆ ಎರಡೂ ಒಂದೇ ಮಾತು ಹೇಳ್ತಿವೆ. ಬೇರೆ ಹೇಳ್ತಿರೋದು ನನ್ನ ಪೆನ್ಸಿಲ್ ಒಂದೇ."

ಅಧಿಕಾರಿ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಮ್ಮ ಜೆರಾಕ್ಸ್ ಪ್ರತಿಯನ್ನೂ ಪಕ್ಕಕ್ಕೆ ಹಿಡಿದರು. ಹತ್ತೊಂಬತ್ತು ಮಸುಕಾಗಿ ಅಡಿಯಲ್ಲಿ ಕಂಡಿತು. "ಇದನ್ನ ನಾನು ಇಷ್ಟು ವರ್ಷ ಕೊಳೆ ಅಂದ್ಕೊಂಡಿದ್ದೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

"ಈಗ ಲೆಕ್ಕ ಎಲ್ಲ ಮತ್ತೆ ಮೊದಲಿಂದ ಮಾಡಬೇಕಾ?"

"ಬೇಡ ಸಾರ್. ಕಾಲರ್ ಹಾಗೇ ಇರುತ್ತೆ." ಅಧಿಕಾರಿಗೆ ಅರ್ಥವಾಗದ್ದು ಕಂಡು ಮರುಲೆಕ್ಕದಮ್ಮ ತಿದ್ದಿಕೊಂಡರು. "ಅಂದ್ರೆ ಮೊದಲ ಕಂತಿನ ದಿನದ ಮೊತ್ತ ಬದಲಾಗಲ್ಲ, ಇಪ್ಪತ್ತು ಕಂತು ಇಪ್ಪತ್ತೇ. ಆ ದಿನ ಮಾತ್ರ ಒಂದು ವರ್ಷ ಹತ್ತಿರ ಬರುತ್ತೆ. ನಾವು ಒಂದು ವರ್ಷ ಜಾಸ್ತಿ ಹಿಂದಕ್ಕೆ ನಡೆದುಬಿಟ್ಟಿದ್ವಿ. ಈಗಿನ ಉತ್ತರಕ್ಕೆ ನೂರಕ್ಕೆ ಆರು ಸೇರಿಸಿದ್ರೆ ಮುಗೀತು. ಎಂಬತ್ತಾರು ಸಾವಿರದ ಮುನ್ನೂರ ಐವತ್ತಾರು."

ಅಧಿಕಾರಿ ಸ್ವತಃ ಒಂಬತ್ತು ವರ್ಷ ಹಾಕಿ ಮಾಡಿ ನೋಡಿದರು. ಅದೇ ಬಂತು. ಇನ್ನೊಮ್ಮೆ ಮಾಡಿದರು. ಆಮೇಲೆ ಕಾಫಿಗೆ ಹೇಳಿ ಕಳಿಸಿದರು, ಎರಡು.

ಮಂಡಳಿಯ ಅಧ್ಯಕ್ಷರು ಫೋನಿನಲ್ಲಿ ಅರ್ಧ ಗಂಟೆ ಪ್ರಶ್ನೆ ಕೇಳಿದರು. ಮರುದಿನ ತಾವೇ ಬಂದು ಪುಸ್ತಕ ನೋಡಿ ಒಪ್ಪಿಗೆ ಬರೆದರು. ಶನಿವಾರ ಹತ್ತು ಗಂಟೆಗೆ ಕಾಲರಕ್ಕನ ಕೈಗೆ ಚೆಕ್ಕು ಬಂತು. ಸಹಿ ಹಾಕುವ ಮುಂಚೆ ಮರುಲೆಕ್ಕದಮ್ಮ ಅವರನ್ನು ತಡೆದು ಕೂರಿಸಿದರು.

"ಒಂದು ಮಾತು. ಇದನ್ನ ತಗೊಂಡ್ರೆ ಆ ವಯಸ್ಸಿಗೆ ಇಲ್ಲಿಂದ ಒಂದು ಕಾಸೂ ಬರಲ್ಲ. ಒಂಬತ್ತು ವರ್ಷ ತಡೆದ್ರೆ ವರ್ಷ ವರ್ಷ ಹನ್ನೆರಡು ಸಾವಿರ ಕೂತಲ್ಲಿಗೆ ಬರುತ್ತೆ. ಎರಡೂ ತೂಕದಲ್ಲಿ ಒಂದೇ, ಬದುಕಲ್ಲಿ ಒಂದೇ ಅಲ್ಲ. ಯೋಚನೆ ಮಾಡಿದ್ದೀರಾ?"

"ಮೂರು ರಾತ್ರಿ ಮಾಡಿದ್ದೀನಕ್ಕಾ. ಕೂತಲ್ಲಿಗೆ ಬರೋದು ಒಳ್ಳೇದೇ. ಆದ್ರೆ ನನಗೆ ಕೂತು ಅಭ್ಯಾಸ ಇರೋದು ಮಿಷನ್ ಮುಂದೆ ಮಾತ್ರ. ಮೂರು ಮಿಷನ್ ಓಡಿದ್ರೆ ವರ್ಷಕ್ಕೆ ಹನ್ನೆರಡು ಸಾವಿರಕ್ಕಿಂತ ಜಾಸ್ತಿ ತೆಗೀತೀನಿ, ತೆಗೆದು ಸ್ವಲ್ಪ ನಿಮ್ಮ ನಿಧಿ ಥರ ಎತ್ತಿಡ್ತೀನಿ. ನನ್ನ ಎರಡನೇ ಮಗಳಿಗೆ ಕೂಡೋದು ನನಗಿಂತ ಚೆನ್ನಾಗಿ ಬರುತ್ತೆ, ಲೆಕ್ಕ ಅವಳದು."

"ಹಾಗಾದ್ರೆ ಹಾಕಿ ಸಹಿ."

ಕಾಲರಕ್ಕ ನಿಧಾನವಾಗಿ, ಹೊಲಿಗೆ ಹಾಕುವ ಹಾಗೆ, ಸಹಿ ಹಾಕಿದರು. ಚೆಕ್ಕನ್ನು ಮಡಿಸಲು ಹೋಗಿ, ಮಡಿಸಬಾರದೆಂದು ಹೇಳಿಸಿಕೊಂಡು, ಅದನ್ನು ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದರು. ದರ್ಜಿಗೆ ಎಂಬತ್ತೈದು ಸಾವಿರ ಕೊಟ್ಟು ಉಳಿದದ್ದರಲ್ಲಿ ದಾರ, ಗುಂಡಿ, ಒಂದು ದೊಡ್ಡ ಕತ್ತರಿ ಬಂದವಂತೆ. ಮಧ್ಯಾಹ್ನವೇ ಕಚೇರಿಗೆ ಫೋನ್ ಬಂತು. ಅಂಗಡಿಯ ಹೆಸರು ಹಲಗೆಗೆ ಏನು ಬರೆಸಲಿ ಎಂದು ಕೇಳಲು. ಮಗಳು "ಕಾಲರ್ ಹೌಸ್" ಎನ್ನುತ್ತಿದ್ದಾಳೆ, ಅದು ತೀರಾ ಜಂಬ ಅನ್ನಿಸುತ್ತದಾ? ಹಿಂದಿನಿಂದ ಮೂರು ಯಂತ್ರಗಳೂ ಒಟ್ಟಿಗೆ ಓಡುವ ಸದ್ದಿಗೆ ಅರ್ಧ ಮಾತು ಕೇಳಿಸಲಿಲ್ಲ.

ಸೋಮವಾರ ಉಳಿದ ಕೆಲಸ. ಹದಿನೇಳನೆಯ ನಿಯಮದಡಿ ಇಷ್ಟು ವರ್ಷದಲ್ಲಿ ಇಡಿಗಂಟು ಪಡೆದವರು ನಾಲ್ಕೇ ಜನ. ಕೊನೆಯವರೆಗೂ ದುಡಿದವರಿಗೆ ನಿಯಮ ಬೇರೆಯಿತ್ತು, ಅದರಲ್ಲಿ ತಪ್ಪಿರಲಿಲ್ಲ. ನಡುವೆ ಬಿಟ್ಟು ಕಂತಿಗೆ ಕಾಯುತ್ತಿದ್ದವರಲ್ಲಿ ಯಾರಿಗೂ ಇನ್ನೂ ಐವತ್ತೊಂಬತ್ತು ತುಂಬಿರಲಿಲ್ಲ. ಮರುಲೆಕ್ಕದಮ್ಮ ನಾಲ್ಕೂ ಫೈಲುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡರು. ಪ್ರತಿಯೊಬ್ಬರಿಗೂ ಕೊಟ್ಟ ಹಣದ ನೂರಕ್ಕೆ ಆರು ಕಡಿಮೆ ಬಿದ್ದಿತ್ತು. ಅದಕ್ಕೆ ಅಂದಿನಿಂದ ಇಂದಿನವರೆಗಿನ ಬಡ್ಡಿ ಸೇರಬೇಕು. ನಾಲ್ಕು ಕಾಗದಗಳು ಸಿದ್ಧವಾದವು. ಅವುಗಳ ಜೊತೆ ಮಂಡಳಿಗೆ ಒಂದು ವಿವರಣೆಯೂ ಹೋಗಬೇಕಿತ್ತು, ತಪ್ಪು ಹೇಗಾಯಿತು ಎಂದು. ಅದನ್ನು ಅಧಿಕಾರಿಯೇ ಬರೆಯಲು ಕೂತಿದ್ದರು. ಒಂದು ಹೊತ್ತಿನಲ್ಲಿ ಅವರು ಮರುಲೆಕ್ಕದಮ್ಮನನ್ನು ಒಳಗೆ ಕರೆದು ಬಾಗಿಲು ಮುಂದಕ್ಕೆ ಮಾಡಿದರು.

"ಕೂತ್ಕೊಳ್ಳಿ ಅಮ್ಮಾ. ಇಲ್ಲಿ ಒಂದು ಸಾಲು ಬರೆದಿದ್ದೀನಿ, ಕೇಳಿ. 'ನಿಯಮ ಪುಸ್ತಕದ ಮುದ್ರಣದಲ್ಲಾದ ಗೊಂದಲದಿಂದ' ಅಂತ. ಅಷ್ಟೇ. ಅಚ್ಚುಮನೆ ಮುಚ್ಚಿ ಎಷ್ಟೋ ವರ್ಷ ಆಯ್ತು, ಯಾರಿಗೂ ನೋವಿಲ್ಲ. ನಿಮ್ಮ ಹೆಸರು ಎಲ್ಲೂ ಬರಲ್ಲ. ಫಲಕದ ಒಕ್ಕಣೆ ಹಾಗೇ ಇರುತ್ತೆ. ಇನ್ನೊಂದು ವರ್ಷ ಇರೋದು ನಿಮಗೆ. ಇಷ್ಟು ನನ್ನ ಕೈಲಾದದ್ದು ಮಾಡೋಕೆ ಬಿಡಿ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು ಮರುಲೆಕ್ಕದಮ್ಮನಿಗೆ ಗೊತ್ತಿತ್ತು. ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಆ ಸಾಲನ್ನು ಓದಿದರು.

"ನಿಮ್ಮ ಮನಸ್ಸು ದೊಡ್ಡದು ಸಾರ್, ನಿಮಗೆ ಒಳ್ಳೇದಾಗಲಿ. ಆದ್ರೆ ಇದು ಬೇಡ. ಅಚ್ಚುಮನೆಯವನು ಪಾಪ ಸರಿಯಾಗೇ ಅಚ್ಚು ಹಾಕಿದ್ದ. ಕೆಡಿಸಿದ್ದು ನಾನು. ಹಾಗೇ ಬರೀರಿ."